ಐದು, ಆರು ಎಂದು ಎಣಿಸಿದವರು: ಉದ್ದನೆಯ ಸಿಟ್‌ಕಾಂನಲ್ಲಿ ಮರಳಿ ಬರುವ ನಗೆಯ ಲೆಕ್ಕ

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಕ್ಕಳು ಒಂದು ಸಂಜೆ ಮಂಡಕ್ಕಿ-ಮೆಣಸಿನಕಾಯಿ ಮುಂದಿಟ್ಟುಕೊಂಡು ಟಿವಿಯಲ್ಲಿ 'ಹೌ ಐ ಮೆಟ್ ಯುವರ್ ಮದರ್' ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯನ್ನು ನೋಡುತ್ತಿದ್ದರು. ಪರದೆಯ ಮೇಲೆ ಒಬ್ಬ ಗೆಳೆಯ ಇನ್ನೊಬ್ಬ ಗೆಳೆಯನ ಕೆನ್ನೆಗೆ ಬೆನ್ನುಬೆನ್ನಿಗೆ ಎರಡು ಏಟು ಬಿಗಿದ. ಮಕ್ಕಳಿಬ್ಬರೂ ಒಟ್ಟಿಗೆ "ಐದು, ಆರು" ಎಂದು ಕೂಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತ ಕುಳಿತಿದ್ದ ದೊಡ್ಡಮ್ಮ ತಲೆಯೆತ್ತಿ, "ಇರೋದು ಎರಡೇ ಏಟು. ಒಂದರಿಂದ ನಾಲ್ಕು ಎಲ್ಲಿ ಹೋದ್ವು?" ಎಂದು ಕೇಳಿದರು.

ಆ ಪ್ರಶ್ನೆಗೆ ಮಕ್ಕಳ ಬಳಿ ಒಂದು ವಾಕ್ಯದ ಉತ್ತರವಿರಲಿಲ್ಲ, ಏಕೆಂದರೆ ಮೊದಲ ಏಟು ಬಿದ್ದದ್ದು ಆ ಸಂಜೆ ನೋಡಿದ ಕಂತಿಗಿಂತ ಐದು ವರ್ಷ ಹಿಂದೆ. ಈಗ ಫೋನಿನಲ್ಲೂ ಟಿವಿಯಲ್ಲೂ ಹಳೆಯ ಧಾರಾವಾಹಿಗಳು ಮೊದಲ ಕಂತಿನಿಂದ ಕೊನೆಯವರೆಗೆ ಸಿಗುತ್ತಿರುವುದರಿಂದ, ಒಂದೇ ಮನೆಯಲ್ಲಿ ಎಲ್ಲವನ್ನೂ ನೋಡಿದವರೂ ನಡುವೆ ಬಂದು ಕುಳಿತವರೂ ಜೊತೆಯಾಗಿರುವುದು ಸಾಮಾನ್ಯವಾಗಿದೆ. ಮೊದಲನೆಯವರು ನಗುವಾಗ ಎರಡನೆಯವರು ಏಕೆ ಸುಮ್ಮನಿರುತ್ತಾರೆ ಎಂಬುದನ್ನು ಈ ಧಾರಾವಾಹಿಯಲ್ಲಿ ಒಟ್ಟು ಬೀಳುವ ಎಂಟು ಏಟುಗಳ ಕಥೆಯಿಂದಲೇ ತಿಳಿಯಬಹುದು.

ಮೊದಲು ಎರಡು ಪದ

ಒಂದಷ್ಟು ಪಾತ್ರಗಳು, ಅವು ಮತ್ತೆ ಮತ್ತೆ ಸೇರುವ ಒಂದು ಮನೆ ಅಥವಾ ಹೋಟೆಲು, ಸುಮಾರು ಇಪ್ಪತ್ತೆರಡು ನಿಮಿಷದ ಕಂತು: ಇಷ್ಟಿದ್ದರೆ ಅದನ್ನು ಸಿಟ್‌ಕಾಂ ಎನ್ನುತ್ತಾರೆ. ಅದರಲ್ಲಿ ಒಂದೇ ತಮಾಷೆ ಹಲವು ಕಂತುಗಳಲ್ಲಿ ಮರಳಿ ಮರಳಿ ಬಂದರೆ ಅದು ರನ್ನಿಂಗ್ ಗ್ಯಾಗ್. ಹಿಂದೆಂದೋ ನಡೆದ ಒಂದು ಸಂಗತಿಯನ್ನು, ವಿವರಿಸದೆ, ಒಂದು ಮಾತಿನಿಂದಲೋ ವಸ್ತುವಿನಿಂದಲೋ ನೆನಪಿಗೆ ತಂದರೆ ಅದು ಕಾಲ್‌ಬ್ಯಾಕ್. ಮೊದಲನೆಯದು ಪದೇ ಪದೇ ಬರುವುದರಿಂದ ಹೊಸಬರಿಗೂ ಸ್ವಲ್ಪ ಹೊತ್ತಿನಲ್ಲಿ ಅರ್ಥವಾಗಬಹುದು. ಎರಡನೆಯದು ಹಳಬರಿಗೆ ಮಾತ್ರ ತೆರೆಯುತ್ತದೆ.

ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಇದು ಹೊಸದೇನಲ್ಲ. ರಾತ್ರಿ ಹತ್ತಕ್ಕೆ ಹಾಸ್ಯದ ಪಾತ್ರಧಾರಿ ಆಡಿದ ಒಂದು ಮಾತನ್ನು ಬೆಳಗಿನ ಜಾವ ನಾಲ್ಕಕ್ಕೆ ರಾಜನ ಪಾತ್ರದವನು ಗಂಭೀರವಾಗಿ ಆಡಿದರೆ ಎಚ್ಚರವಿದ್ದವರು ಬಿದ್ದು ಬಿದ್ದು ನಗುತ್ತಾರೆ, ನಡುವೆ ಕಂಬಳಿ ಹೊದ್ದು ಮಲಗಿದ್ದವರು ಏನಾಯಿತೆಂದು ಕಣ್ಣುಜ್ಜಿಕೊಳ್ಳುತ್ತಾರೆ. ಬಯಲಾಟದಲ್ಲಿ ಆ ಅಂತರ ಆರು ಗಂಟೆ. ಸಿಟ್‌ಕಾಂನಲ್ಲಿ ಅದು ಆರು ವರ್ಷವೂ ಆಗಬಹುದು.

ಇದೇ ಧಾರಾವಾಹಿಯ ಇನ್ನೊಂದು ಚಿಕ್ಕ ಉದಾಹರಣೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಡೀ ಕಥೆಯನ್ನು 2030ನೇ ಇಸವಿಯಲ್ಲಿ ಟೆಡ್ ಎಂಬ ತಂದೆ ತನ್ನ ಹದಿಹರೆಯದ ಮಕ್ಕಳಿಗೆ ಹೇಳುತ್ತಿದ್ದಾನೆ ಎಂಬುದು ಇದರ ಚೌಕಟ್ಟು. ಕಾಲೇಜಿನಲ್ಲಿ ಗೆಳೆಯರು ಗಾಂಜಾ ಸೇದಿದ್ದನ್ನು ಮಕ್ಕಳ ಮುಂದೆ ಹೇಳಲಾಗದೆ ಆತ ಅದನ್ನು 'ಸ್ಯಾಂಡ್‌ವಿಚ್ ತಿಂದೆವು' ಎಂದು ಬದಲಿಸುತ್ತಾನೆ. ಪರದೆಯ ಮೇಲೂ ಅವರ ಕೈಯಲ್ಲಿ ಉದ್ದನೆಯ ಸ್ಯಾಂಡ್‌ವಿಚ್‌ಗಳೇ ಇರುತ್ತವೆ. ಮೂರನೆಯ ಸೀಸನ್‌ನಲ್ಲಿ ಒಮ್ಮೆ ಈ ಗುಟ್ಟು ತಿಳಿದ ಮೇಲೆ, ಮುಂದೆ ಪಾತ್ರವೊಂದು ಅರೆಗಣ್ಣು ಮುಚ್ಚಿಕೊಂಡು ಸ್ಯಾಂಡ್‌ವಿಚ್ ಹಿಡಿದರೆ ಸಾಕು. ಬರಹಗಾರರು ಅರ್ಧ ತಮಾಷೆಯನ್ನಷ್ಟೇ ಪರದೆಯ ಮೇಲೆ ಇಡುತ್ತಾರೆ, ಉಳಿದರ್ಧ ನೋಡುಗರ ನೆನಪಿನಿಂದ ಬರಬೇಕು. ತಾನೇ ಪೂರ್ತಿಗೊಳಿಸಿದ ತಮಾಷೆಗೆ ನೋಡುಗ ಹೆಚ್ಚು ನಗುತ್ತಾನೆ. ಗಮನವಿಟ್ಟು ನೋಡಿದವರಿಗೆ ಸಿಗುವ ಪ್ರತಿಫಲ ಎಂದರೆ ಇದೇ.

ಪಂದ್ಯದ ಕರಾರು

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. ಕಾರ್ಟರ್ ಬೇಸ್ ಮತ್ತು ಕ್ರೇಗ್ ಥಾಮಸ್ ರೂಪಿಸಿದ ಈ ಧಾರಾವಾಹಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2005ರ ಸೆಪ್ಟೆಂಬರ್‌ನಿಂದ 2014ರ ಮಾರ್ಚ್‌ವರೆಗೆ ಒಂಬತ್ತು ಸೀಸನ್‌ಗಳಲ್ಲಿ 208 ಕಂತು ಪ್ರಸಾರವಾಯಿತು. ನ್ಯೂಯಾರ್ಕಿನಲ್ಲಿರುವ ಐವರು ಗೆಳೆಯರು ಅದರ ಮುಖ್ಯ ಪಾತ್ರಗಳು: ಟೆಡ್, ಮಾರ್ಷಲ್, ಮಾರ್ಷಲ್‌ನ ಸಂಗಾತಿ ಲಿಲಿ, ಬಾರ್ನಿ ಮತ್ತು ಕೆನಡಾದಿಂದ ಬಂದ ರಾಬಿನ್.

2006ರ ನವೆಂಬರ್ 20ರಂದು ಪ್ರಸಾರವಾದ 'ಸ್ಲ್ಯಾಪ್ ಬೆಟ್' ಎಂಬ ಕಂತಿನಲ್ಲಿ ರಾಬಿನ್ ಶಾಪಿಂಗ್ ಮಾಲ್‌ಗೆ ಕಾಲಿಡಲು ಒಪ್ಪುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಆಕೆ ಹಿಂದೆ ಮಾಲ್‌ನಲ್ಲಿ ಮದುವೆಯಾಗಿರಬೇಕು ಎಂದು ಮಾರ್ಷಲ್ ಊಹಿಸುತ್ತಾನೆ; ಅಶ್ಲೀಲ ಚಿತ್ರವೊಂದರಲ್ಲಿ ನಟಿಸಿರಬೇಕು ಎಂದು ಬಾರ್ನಿ. ಸೋತವನ ಕೆನ್ನೆಗೆ ಗೆದ್ದವನು ಬಾರಿಸಬೇಕು ಎಂಬುದು ಪಂದ್ಯ, ಲಿಲಿ ಅದರ ತೀರ್ಪುಗಾರ್ತಿ. ನಿಜ ಸಂಗತಿ ಎರಡೂ ಅಲ್ಲ: ರಾಬಿನ್ ಹದಿಹರೆಯದಲ್ಲಿ ಕೆನಡಾದ ಪಾಪ್ ಗಾಯಕಿಯಾಗಿದ್ದಳು, ಮಾಲ್‌ಗಳನ್ನು ಸುತ್ತಿ ಹಾಡುತ್ತಿದ್ದಳು. ಆದರೆ ವಿಷಯ ಖಚಿತವಾಗುವ ಮೊದಲೇ ತಾನು ಗೆದ್ದೆನೆಂದು ಬಾರ್ನಿ ಅವಸರದಲ್ಲಿ ಮಾರ್ಷಲ್‌ಗೆ ಹೊಡೆದುಬಿಟ್ಟಿರುತ್ತಾನೆ. ಆ ತಪ್ಪಿಗೆ ಲಿಲಿ ಎರಡು ದಾರಿ ಕೊಡುತ್ತಾಳೆ: ಈಗಲೇ ಹತ್ತು ಏಟು ತಿನ್ನುವುದು, ಇಲ್ಲವೇ ಮಾರ್ಷಲ್ ಬಯಸಿದಾಗ, ಬಯಸಿದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಕೊಡಬಹುದಾದ ಐದು ಏಟು. ಬಾರ್ನಿ ಐದನ್ನು ಆರಿಸಿಕೊಳ್ಳುತ್ತಾನೆ. ಮಾರ್ಷಲ್ ಅಲ್ಲೇ ಮೊದಲನೆಯದನ್ನು ಕೊಡುತ್ತಾನೆ.

ಈ ಕರಾರಿನಲ್ಲಿ ಇಡೀ ಗ್ಯಾಗ್‌ನ ಯಂತ್ರವೇ ಅಡಗಿದೆ. ಮಂಡಿಪೇಟೆಯ ಅಂಗಡಿಯ ಉದ್ರಿ ಖಾತೆಯನ್ನು ನೆನಪಿಸಿಕೊಳ್ಳಿ. ಬಾಕಿ ಎಷ್ಟು ಎಂಬುದು ಪುಸ್ತಕದಲ್ಲಿ ಬರೆದಿದೆ, ವಸೂಲಿಯ ದಿನ ಮಾತ್ರ ಬರೆದಿಲ್ಲ. ಸಾಲಗಾರ ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಅವನ ನಡಿಗೆ ಸ್ವಲ್ಪ ಬದಲಾಗುತ್ತದೆ, ಯಜಮಾನ ಏನೂ ಕೇಳದಿದ್ದರೂ. ಹತ್ತು ಏಟನ್ನು ಆ ಕ್ಷಣವೇ ಕೊಟ್ಟಿದ್ದರೆ ಅದು ಒಂದು ಕಂತಿನ ತಮಾಷೆಯಾಗಿ ಅಲ್ಲೇ ಮುಗಿಯುತ್ತಿತ್ತು. ಸಂಖ್ಯೆ ನಿಶ್ಚಿತ, ವೇಳೆ ಅನಿಶ್ಚಿತ ಎಂದಾದದ್ದರಿಂದ ಮುಂದಿನ ಪ್ರತಿ ಕಂತಿನಲ್ಲೂ, ಏಟಿನ ಪ್ರಸ್ತಾಪವೇ ಇಲ್ಲದ ಕಂತಿನಲ್ಲೂ, ಬಾಕಿ ತೂಗುತ್ತಲೇ ಇರುತ್ತದೆ.

ಲೆಕ್ಕ ಇಡುವವರು ಯಾರು

ಸಾಧಾರಣ ರನ್ನಿಂಗ್ ಗ್ಯಾಗ್‌ಗೆ ಎಣಿಕೆ ಇರುವುದಿಲ್ಲ. ಒಬ್ಬ ಪಾತ್ರಧಾರಿ ಬಾಗಿಲು ತೆರೆದಾಗಲೆಲ್ಲ ಎಡವುತ್ತಾನೆ ಎಂದುಕೊಳ್ಳಿ. ಅವನು ನೂರು ಸಲ ಎಡವಿದರೂ ನೂರಾ ಒಂದನೆಯದಕ್ಕೆ ವಿಶೇಷ ಬೆಲೆಯಿಲ್ಲ. ಇಲ್ಲಿ ಹಾಗಲ್ಲ. ಪ್ರತಿ ಏಟಿನ ಜೊತೆಗೆ ಬಾಕಿ ಒಂದು ಕಡಿಮೆಯಾಗುತ್ತದೆ, ಆದ್ದರಿಂದ ಉಳಿದವುಗಳ ಬೆಲೆ ಏರುತ್ತದೆ. ನೋಡುಗ ತನಗರಿವಿಲ್ಲದೆ ಗುಮಾಸ್ತನಾಗುತ್ತಾನೆ.

ಎರಡನೆಯ ಏಟು ಮೂರು ತಿಂಗಳೊಳಗೇ, 2007ರ ಫೆಬ್ರುವರಿಯಲ್ಲಿ ಬಿತ್ತು. ಲಿಲಿಯ ಕೆಟ್ಟ ನಾಟಕವನ್ನು ಹಳಿದ ಬಾರ್ನಿ, ಗೆಳೆಯರನ್ನು ಗೋಳುಹೊಯ್ದುಕೊಳ್ಳಲೆಂದೇ ತಾನೊಂದು ಏಕವ್ಯಕ್ತಿ ಪ್ರದರ್ಶನ ನಡೆಸುತ್ತಾನೆ. ಅದು ಸಾಕುಸಾಕೆನಿಸಿದಾಗ ಮಾರ್ಷಲ್ ರಂಗದ ಮೇಲೇರಿ ಬಾರಿಸುತ್ತಾನೆ. ಈ ಏಟು ಯಾವ ಸೂಚನೆಯೂ ಇಲ್ಲದೆ ಬರುತ್ತದೆ, ಅದಕ್ಕೇ ಅದು ಮುಖ್ಯ: ಕರಾರು ನಿಜ, ಧಾರಾವಾಹಿ ಅದನ್ನು ಮರೆತಿಲ್ಲ ಎಂದು ನೋಡುಗರಿಗೆ ಇಲ್ಲಿ ಮೊದಲ ಬಾರಿ ಖಾತ್ರಿಯಾಗುತ್ತದೆ. ಈ ನಂಬಿಕೆ ಹುಟ್ಟದಿದ್ದರೆ ಯಾರೂ ಲೆಕ್ಕ ಇಡುವುದಿಲ್ಲ. ಎರಡನೆಯ ಬಾರಿ ಬಂದಾಗಲೇ ತಮಾಷೆಯೊಂದು ರನ್ನಿಂಗ್ ಗ್ಯಾಗ್ ಆಗುವುದು.

ಒಂದೇ ಏಟು, ಬೇರೆ ಬೇರೆ ಸಂದರ್ಭ

ಮೂರನೆಯದಕ್ಕೆ ಒಂಬತ್ತು ತಿಂಗಳು ಕಾಯಬೇಕಾಯಿತು. 2007ರ ನವೆಂಬರ್‌ನ 'ಸ್ಲ್ಯಾಪ್ಸ್‌ಗಿವಿಂಗ್' ಕಂತು ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಸುತ್ತ ನಡೆಯುತ್ತದೆ. ಈ ಬಾರಿ ಬರಹಗಾರರು ಒಂದೇ ಒಂದು ಅಂಶವನ್ನು ತಿರುವುಮುರುವು ಮಾಡಿದರು: ಅನಿರೀಕ್ಷಿತವಾಗಿದ್ದ ಏಟಿಗೆ ಈಗ ದಿನ, ಗಂಟೆ, ನಿಮಿಷ ಎಲ್ಲವೂ ನಿಗದಿ. ಮಾರ್ಷಲ್ slapcountdown.com ಎಂಬ ಜಾಲತಾಣವನ್ನೇ ತೆರೆದು ಕ್ಷಣಗಣನೆ ಶುರುಮಾಡುತ್ತಾನೆ. ಗೊತ್ತಿಲ್ಲದ ಭಯಕ್ಕಿಂತ ಗೊತ್ತಿರುವ ಭಯವೇ ಬಾರ್ನಿಯನ್ನು ಹೆಚ್ಚು ಕಾಡುತ್ತದೆ. ಹಬ್ಬದ ದಿನ ಹೊಡೆದಾಟ ಬೇಡವೆಂದು ಲಿಲಿ ಏಟನ್ನು ತಡೆಯುತ್ತಾಳೆ. ಗಂಡಾಂತರ ತಪ್ಪಿತೆಂದು ಬಾರ್ನಿ ಮೆರೆಯುತ್ತಾನೆ. ಮೆರೆದದ್ದು ಅತಿಯಾದಾಗ ಕೊನೆಯ ಕ್ಷಣದಲ್ಲಿ ಲಿಲಿಯೇ ಅನುಮತಿ ಕೊಟ್ಟುಬಿಡುತ್ತಾಳೆ. ಏಟಿನ ಬೆನ್ನಿಗೆ ಮಾರ್ಷಲ್ ಪಿಯಾನೋ ಮುಂದೆ ಕುಳಿತು ಅದರ ಮೇಲೊಂದು ಹಾಡನ್ನೂ ಹಾಡುತ್ತಾನೆ. ನನ್ನ ಮಟ್ಟಿಗೆ ಎಂಟರಲ್ಲಿ ಇದೇ ಅತ್ಯುತ್ತಮ.

ನಾಲ್ಕನೆಯದು ಸರಿಯಾಗಿ ಎರಡು ವರ್ಷದ ಬಳಿಕ, 2009ರ ನವೆಂಬರ್‌ನ ಅದೇ ಹಬ್ಬದಂದು. ಈಗ ವೇಳೆಯ ಜೊತೆ ಇನ್ನೊಂದು ಅಂಶ ಬದಲಾಗುತ್ತದೆ: ಹೊಡೆಯುವವರು ಯಾರು? ಮಾರ್ಷಲ್ ತನ್ನ ಹಕ್ಕನ್ನು ಟೆಡ್ ಮತ್ತು ರಾಬಿನ್‌ಗೆ ಉಡುಗೊರೆಯಾಗಿ ಬಿಟ್ಟುಕೊಡುತ್ತಾನೆ. ಬಾರ್ನಿಯನ್ನು ಕುರ್ಚಿಗೆ ಕಟ್ಟಿಹಾಕಿ, ನೀನು ಹೊಡೆ ನಾನು ಹೊಡೆಯುತ್ತೇನೆ ಎಂದು ಅವರಿಬ್ಬರೂ ಜಗಳವಾಡುತ್ತಾರೆ, ಯಾರಿಂದಲೂ ಆಗುವುದಿಲ್ಲ. ಕೊನೆಗೆ ಮಾರ್ಷಲ್‌ನೇ ಕೊಡುತ್ತಾನೆ.

ಹೀಗೆ ನೋಡಿದರೆ ಏಟು ಎಂಬುದು ಎಲ್ಲ ಕಂತುಗಳಲ್ಲೂ ಒಂದೇ: ಒಂದು ಅಂಗೈ, ಒಂದು ಕೆನ್ನೆ, ಒಂದು ಸದ್ದು. ಬದಲಾಗುವುದು ಸುತ್ತಲಿನ ಒಂದೊಂದೇ ಅಂಶ. ಎಲ್ಲವೂ ಒಟ್ಟಿಗೆ ಬದಲಾದರೆ ಹಳೆಯದರ ಗುರುತು ಸಿಗುವುದಿಲ್ಲ, ಏನೂ ಬದಲಾಗದಿದ್ದರೆ ಬೇಸರ ಹುಟ್ಟುತ್ತದೆ. ಹಿಂದಿನ ಏಟನ್ನು ನೆನಪಿಟ್ಟವನಿಗೆ ಮಾತ್ರ ಈ ಬಾರಿ ಏನು ಬದಲಾಗಿದೆ ಎಂಬುದು ಕಾಣುತ್ತದೆ. ಅಲ್ಲೇ ಅವನ ನಗುವೂ ಇರುತ್ತದೆ. ನಡುವೆ ಬಂದು ಕುಳಿತ ದೊಡ್ಡಮ್ಮನಿಗೆ ಕಂಡದ್ದು ಅಂಗೈ ಮತ್ತು ಕೆನ್ನೆ ಮಾತ್ರ.

ಅವರು ನೋಡಿದ ಐದು ಮತ್ತು ಆರನೆಯ ಏಟುಗಳ ಹಿನ್ನೆಲೆ ಹೀಗಿದೆ. ಏಳನೆಯ ಸೀಸನ್‌ನಲ್ಲಿ ಇನ್ನೊಂದು ಪಂದ್ಯ ಸೋತ ಬಾರ್ನಿ, ಬಾತುಕೋಳಿ ಚಿತ್ರದ ಟೈ ಒಂದನ್ನು ಒಂದು ವರ್ಷ ತೊಡಬೇಕಾಗಿರುತ್ತದೆ. 2011ರ ನವೆಂಬರ್‌ನ ಕಂತಿನಲ್ಲಿ ಅದನ್ನು ಕಳಚಲು ಅನುಮತಿ ಬೇಕಾಗಿ ಅವನು ಮೂರು ಹೊಸ ಏಟುಗಳಿಗೆ ಒಪ್ಪುತ್ತಾನೆ. ಮಾರ್ಷಲ್ ಎರಡನ್ನು ಅಲ್ಲೇ ವಸೂಲಿ ಮಾಡುತ್ತಾನೆ. ಹಳೆಯ ಬಾಕಿ ಒಂದು, ಹೊಸದು ಮೂರು, ವಸೂಲಾದದ್ದು ಎರಡು: ಉಳಿದದ್ದು ಎರಡು. ಎರಡು ಬೇರೆ ಬೇರೆ ಗ್ಯಾಗ್‌ಗಳನ್ನು, ಟೈಯನ್ನೂ ಏಟನ್ನೂ, ಒಂದೇ ಖಾತೆಗೆ ಸೇರಿಸಿದ ಜಾಣತನ ಇದು. ಇದನ್ನೆಲ್ಲ ಮಕ್ಕಳು "ಐದು, ಆರು" ಎಂಬ ಎರಡು ಪದಗಳಲ್ಲಿ ಕೂಗಿದ್ದರು.

ಯಾರೂ ಬೆರಳು ಮಾಡಿ ತೋರಿಸದ ಎಣಿಕೆ

ಏಟಿನ ಲೆಕ್ಕವನ್ನು ಪಾತ್ರಗಳೇ ಬಾಯಿಬಿಟ್ಟು ಹೇಳುತ್ತವೆ. ಇದೇ ಧಾರಾವಾಹಿ ಇನ್ನೊಮ್ಮೆ, ಯಾರೂ ಬಾಯಿಬಿಡದಂತೆ, ಬೇರೊಂದು ಎಣಿಕೆ ನಡೆಸಿತು. 2011ರ ಜನವರಿ 3ರಂದು ಪ್ರಸಾರವಾದ 'ಬ್ಯಾಡ್ ನ್ಯೂಸ್' ಕಂತಿನಲ್ಲಿ ಮಾರ್ಷಲ್ ಮತ್ತು ಲಿಲಿ ಮಗುವಿಗಾಗಿ ವೈದ್ಯರ ಬಳಿ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಕಂತಿನ ಉದ್ದಕ್ಕೂ, ಹಿನ್ನೆಲೆಯ ವಸ್ತುಗಳ ಮೇಲೆ, 50ರಿಂದ 1ರವರೆಗಿನ ಅಂಕೆಗಳು ಇಳಿಕೆಯ ಕ್ರಮದಲ್ಲಿ ಬರುತ್ತವೆ. ಪಾತ್ರಗಳು ಅವನ್ನು ಗಮನಿಸುವುದಿಲ್ಲ, ನಿರೂಪಕನೂ ಏನೂ ಹೇಳುವುದಿಲ್ಲ.

ಪರೀಕ್ಷೆಯ ಫಲಿತಾಂಶ ಒಳ್ಳೆಯದೇ ಬರುತ್ತದೆ. ಅಂಕೆಗಳನ್ನು ಗುರುತಿಸಿದವರು ಶುಭಸುದ್ದಿಗೇ ಈ ಕ್ಷಣಗಣನೆ ಎಂದುಕೊಂಡಿರುತ್ತಾರೆ. ಎಣಿಕೆ ಮುಗಿದಾಗ ಲಿಲಿ ಟ್ಯಾಕ್ಸಿಯಿಂದಿಳಿದು, ಮಾರ್ಷಲ್‌ನ ತಂದೆ ಹೃದಯಾಘಾತದಿಂದ ತೀರಿಕೊಂಡರೆಂದು ತಿಳಿಸುತ್ತಾಳೆ. ನಾಲ್ಕು ವರ್ಷದಿಂದ ಎಣಿಸುವ ಅಭ್ಯಾಸವನ್ನು ಇದೇ ಧಾರಾವಾಹಿ ತನ್ನ ನೋಡುಗರಲ್ಲಿ ಬೆಳೆಸಿತ್ತು, ಎಣಿಕೆಯ ಕೊನೆಗೆ ನಗು ಸಿಗುತ್ತದೆ ಎಂದು ಕಲಿಸಿತ್ತು. ಇಲ್ಲಿ ಆ ಅಭ್ಯಾಸವನ್ನೇ ಬಳಸಿ ಅವರನ್ನು ದುಃಖದ ಮುಂದೆ ನಿಲ್ಲಿಸಿತು. ಅಂಕೆಗಳನ್ನು ಕಾಣದವರಿಗೂ ಆ ದೃಶ್ಯ ನೋವಿನದೇ, ಆದರೆ ಅವರಿಗೆ ಸುದ್ದಿ ದಿಢೀರನೆ ಎರಗುತ್ತದೆ. ಕಂಡವರು ಏನೋ ಹತ್ತಿರವಾಗುತ್ತಿದೆ ಎಂದು ತಿಳಿದೂ ಅದೇನೆಂದು ತಿಳಿಯದೆ ಕುಳಿತಿರುತ್ತಾರೆ. ಗಮನಕ್ಕೆ ಸಿಗುವ ಫಲ ಯಾವಾಗಲೂ ಸಿಹಿಯಾಗಿರಬೇಕಿಲ್ಲ.

ಇಂಥ ಕಸುಬು ಸಾಧ್ಯವಾದದ್ದಕ್ಕೆ ಚಿತ್ರೀಕರಣದ ರೀತಿಯೂ ಒಂದು ಕಾರಣ. ಅಮೆರಿಕದ ಹಲವು ಸಿಟ್‌ಕಾಂಗಳನ್ನು ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು, ನಾಟಕದಂತೆ ಒಂದೇ ಸಂಜೆ ಚಿತ್ರೀಕರಿಸುವ ಪದ್ಧತಿಯಿತ್ತು. ಈ ಧಾರಾವಾಹಿಯನ್ನು ಪ್ರೇಕ್ಷಕರಿಲ್ಲದೆ, ಹಲವು ದಿನ ಚಿತ್ರೀಕರಿಸಿ, ಸಂಕಲನ ಮುಗಿದ ಮೇಲೆ ಪ್ರೇಕ್ಷಕರಿಗೆ ತೋರಿಸಿ ಅವರ ನಗುವನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಹಾಗಾಗಿ ಐದಾರು ಸೆಕೆಂಡಿನ ಹಿನ್ನೋಟಗಳನ್ನು ಎಲ್ಲೆಂದರಲ್ಲಿ ಸೇರಿಸುವುದು ಸುಲಭವಾಯಿತು.

ಎಲ್ಲಿ ಕೆಡುತ್ತದೆ

ಏಟುಗಳ ನಡುವಿನ ಅಂತರವನ್ನು ಮತ್ತೊಮ್ಮೆ ನೋಡಿ: ಮೂರು ತಿಂಗಳು, ಒಂಬತ್ತು ತಿಂಗಳು, ಎರಡು ವರ್ಷ, ಮತ್ತೆ ಎರಡು ವರ್ಷ. ನೆನಪು ಮಾಸುವಷ್ಟರಲ್ಲಿ ತಮಾಷೆ ಮರಳುತ್ತದೆ, ಪ್ರತಿ ಸಲ ಕಾಯುವ ಅವಧಿ ಹಿಂದಿನದಕ್ಕಿಂತ ಕಡಿಮೆಯಾಗುವುದಿಲ್ಲ. ಏಳನೆಯದು ಎರಡು ವರ್ಷಕ್ಕೂ ಹೆಚ್ಚು ಕಾಲದ ಬಳಿಕ, 2014ರ ಜನವರಿ 13ರಂದು ಬಂತು. ಅಂತರ ಸರಿಯಾಗಿತ್ತು, ಪ್ರಮಾಣ ತಪ್ಪಿತು. ಒಂದು ಏಟಿಗಾಗಿ ಇಡೀ ಕಂತನ್ನೇ ಮೀಸಲಿಟ್ಟು, ಏಟು ಕೊಡುವ ವಿದ್ಯೆಯನ್ನು ಮಾರ್ಷಲ್ ಗುರುಗಳಿಂದ ಕಲಿತನೆಂದು ಕುಂಗ್‌ಫೂ ಸಿನಿಮಾಗಳ ಅಣಕವೊಂದನ್ನು ಹೆಣೆದರು. ಏಷ್ಯಾದವರಲ್ಲದ ನಟರಿಗೆ ಏಷ್ಯಾದ ವೇಷ ತೊಡಿಸಿದ್ದಕ್ಕೆ ಟೀಕೆ ಎದ್ದಿತು, ಬೇಸ್ ಮತ್ತು ಥಾಮಸ್ ಟ್ವಿಟರ್‌ನಲ್ಲಿ ಕ್ಷಮೆ ಕೇಳಿದರು. ಆ ವಿವಾದವನ್ನು ಬದಿಗಿಟ್ಟು ಕಸುಬಿನ ದೃಷ್ಟಿಯಿಂದ ನೋಡಿದರೂ ಅಲ್ಲೊಂದು ದೋಷವಿದೆ. ಹಿಂದಿನ ಕಂತುಗಳಲ್ಲಿ ಏಟು ಬೇರೊಂದು ಕಥೆಯ ನಡುವೆ ನುಗ್ಗುತ್ತಿತ್ತು, ಇಲ್ಲಿ ಏಟೇ ಕಥೆಯಾಯಿತು. ಉಪ್ಪಿನಕಾಯಿಯನ್ನೇ ಅನ್ನದಂತೆ ಬಡಿಸಿದ ಹಾಗೆ.

ಗ್ಯಾಗ್ ಹಳಸುತ್ತಿದೆ ಎಂದು ಗುರುತಿಸಲು ಒಂದು ಸುಲಭದ ಉಪಾಯವಿದೆ. ಪಾತ್ರಗಳು ಹಳೆಯ ಸಂಗತಿಯನ್ನು ನೋಡುಗರಿಗೆ ವಿವರಿಸತೊಡಗಿದರೆ ಬರಹಗಾರರಿಗೆ ನಮ್ಮ ನೆನಪಿನ ಮೇಲೆ ನಂಬಿಕೆ ಹೋಗಿದೆ ಎಂದೇ ಅರ್ಥ. ತಮಾಷೆಯ ಉಳಿದರ್ಧವನ್ನೂ ಅವರೇ ತುಂಬಿಸಿದರೆ ನಮಗೆ ಮಾಡಲು ಕೆಲಸವಿರುವುದಿಲ್ಲ.

ಎಂಟನೆಯ ಏಟು ಅದೇ ವರ್ಷದ ಮಾರ್ಚ್ 24ರಂದು, ಕೊನೆಯ ಕಂತಿಗೆ ಒಂದು ವಾರ ಮುನ್ನ ಬಂತು. ಬಾರ್ನಿಯ ಮದುವೆ. ಶಾಸ್ತ್ರ ಶುರುವಾಗಲು ಕೆಲವೇ ಕ್ಷಣಗಳಿರುವಾಗ ಅವನು ಗಾಬರಿಯಿಂದ ತತ್ತರಿಸುತ್ತಾನೆ, ಮಾರ್ಷಲ್ ಕೆನ್ನೆಗೊಂದು ಕೊಟ್ಟು ಅವನನ್ನು ಸ್ಥಿಮಿತಕ್ಕೆ ತರುತ್ತಾನೆ. ಏಳು ವರ್ಷ ಶಿಕ್ಷೆಯಾಗಿದ್ದದ್ದು ಎಂಟನೆಯ ಬಾರಿ ಉಪಕಾರವಾಗುತ್ತದೆ. ಹಾಡಿಲ್ಲ, ಕ್ಷಣಗಣನೆಯಿಲ್ಲ, ಕುರ್ಚಿಗೆ ಕಟ್ಟುವುದಿಲ್ಲ. ಹಿಂದಿನ ಅಬ್ಬರವನ್ನು ನೆನಪಿಟ್ಟವರಿಗೆ ಈ ಸರಳತೆಯೇ ಕಾಲ್‌ಬ್ಯಾಕ್.

ಕನ್ನಡದ ಮನೆಯಲ್ಲಿ ನೋಡುವಾಗ

ಎಲ್ಲ ಗ್ಯಾಗ್‌ಗಳೂ ಭಾಷೆ ದಾಟುವುದಿಲ್ಲ ಎಂಬುದನ್ನೂ ಹೇಳಬೇಕು. ಯಾರಾದರೂ ಮಾತಿನ ನಡುವೆ 'ಮೇಜರ್' ಅಥವಾ 'ಜನರಲ್' ಎಂಬ ಪದ ಬಳಸಿದರೆ ಟೆಡ್ ಮತ್ತು ರಾಬಿನ್ ಅದನ್ನು ಸೈನ್ಯದ ಹುದ್ದೆಯೆಂಬಂತೆ ಕೇಳಿಸಿಕೊಂಡು ಒಟ್ಟಿಗೆ ಸಲ್ಯೂಟ್ ಹೊಡೆಯುತ್ತಾರೆ. ಇಂಗ್ಲಿಷಿನಲ್ಲಿ ಆ ಪದಗಳಿಗೆ 'ದೊಡ್ಡ', 'ಸಾಮಾನ್ಯ' ಎಂಬ ಅರ್ಥಗಳೂ ಇರುವುದರಿಂದ ಅದು ನಡೆಯುತ್ತದೆ; 'ದೊಡ್ಡ ತಲೆನೋವು' ಎಂದು ಕನ್ನಡಕ್ಕೆ ತಂದರೆ ಸಲ್ಯೂಟ್ ಅನಾಥವಾಗುತ್ತದೆ. ಕೆನ್ನೆಗೆ ಬೀಳುವ ಏಟಿಗೆ ಇಂಥ ತೊಡಕಿಲ್ಲ, ಸಂಖ್ಯೆಗೂ ಇಲ್ಲ. ಅಕ್ಕನ ಮಕ್ಕಳು ಏಟುಗಳನ್ನು ಕನ್ನಡದಲ್ಲೇ ಎಣಿಸಿದ್ದು ಅದಕ್ಕೇ.

ಇಷ್ಟನ್ನೂ ಕೇಳಿಸಿಕೊಂಡ ದೊಡ್ಡಮ್ಮ, ಹಾಗಾದರೆ ಎಲ್ಲವನ್ನೂ ನೋಡಬೇಕೇ ಎಂದರು. 208 ಕಂತು, ಒಂದಕ್ಕೆ ಇಪ್ಪತ್ತೆರಡು ನಿಮಿಷದಂತೆ ಎಪ್ಪತ್ತಾರು ಗಂಟೆ. ಎಂಟು ಏಟುಗಳಷ್ಟೇ ಸಾಕೆಂದರೆ ಏಳು ಕಂತುಗಳಿವೆ: ಎರಡನೆಯ ಸೀಸನ್‌ನ 9 ಮತ್ತು 16, ಮೂರು, ಐದು ಹಾಗೂ ಏಳನೆಯ ಸೀಸನ್‌ಗಳ 9, ಒಂಬತ್ತನೆಯ ಸೀಸನ್‌ನ 14 ಮತ್ತು 22. ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮಕ್ಕಳು ಆ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಅವರಿಗೆ ಕೊಟ್ಟರು, ಮರುದಿನ ಮಧ್ಯಾಹ್ನ ಏಳನ್ನೂ ಒಂದರ ಹಿಂದೊಂದು ಹಾಕಿಯೂ ಕೊಟ್ಟರು. ದೊಡ್ಡಮ್ಮ ಮೂರನೆಯದಕ್ಕೆ ಚೆನ್ನಾಗಿ ನಕ್ಕರು. ಆರನೆಯದರ ಹೊತ್ತಿಗೆ, "ಇವನು ಬರೇ ಹೊಡೀತಾನೇ ಇರ್ತಾನಲ್ಲೋ" ಎಂದರು. ಲೆಕ್ಕ ಅವರಿಗೆ ಈಗ ಪೂರ್ತಿ ಗೊತ್ತಿತ್ತು. ಏಟಿಗೂ ಏಟಿಗೂ ನಡುವೆ ಹೊಡೆಯದೆ ಕಳೆದ ಸುಮಾರು ನೂರೆಪ್ಪತ್ತು ಕಂತುಗಳು ಆ ಚೀಟಿಯಲ್ಲಿ ಇರಲಿಲ್ಲ.